ಸೋಡಿ, ಕೊಸರು, ಕ್ಯಾಶ್‌ಬ್ಯಾಕ್: ಗಿರಾಕಿಗೆ ಬಿಟ್ಟ ಹಣ ಖರ್ಚಿನ ಖಾತೆಯಿಂದ ಹೊರಬಂದ ಇತಿಹಾಸ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಭಾಗವಿದೆ.)

ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ಆದೋನಿ, ಕಾಸರಗೋಡು ಹೀಗೆ ಬೇರೆ ಬೇರೆ ಕಡೆಯಿಂದ ಸೇರಿದ್ದೀರಿ. ಇವತ್ತಿನ ವಿಷಯ ಲೆಕ್ಕದ ಪುಸ್ತಕದ್ದು. ಮಾರುವವನು ತನ್ನ ಕೈಯಿಂದಲೇ ಗಿರಾಕಿಗೆ ಕ್ಯಾಶ್‌ಬ್ಯಾಕ್ ಕೊಟ್ಟರೆ, ರಿಯಾಯಿತಿ ಬಿಟ್ಟರೆ, ಅದನ್ನು ಖರ್ಚು ಅಂತ ಬರೀಬೇಕೋ, ಮಾರಾಟದ ಆದಾಯದಲ್ಲೇ ಕಳೀಬೇಕೋ? ಇವತ್ತಿನ ನಿಯಮ ಆದಾಯದಲ್ಲಿ ಕಳೀಬೇಕು ಅಂತ ಹೇಳ್ತದ. ಈ ನಿಯಮ ಹೆಂಗ ಬಂತು, ಯಾಕ ಬಂತು ಅನ್ನೋದನ್ನ ಒಂದು ಕಂಪನಿಯ ಒಂದು ವರ್ಷದ ಲೆಕ್ಕ ಹಿಡಿದು ನೋಡೋಣ. ಲಾಭ ಎರಡೂ ರೀತಿಯಲ್ಲಿ ಒಂದೇ ಬರ್ತದ ಅಂದಮ್ಯಾಲೆ ಇಷ್ಟೊಂದು ಜಗಳ ಯಾಕ ಅನ್ನೋದೇ ಇದರೊಳಗಿನ ಮುಖ್ಯ ಪ್ರಶ್ನೆ.

ಹಳೆಯ ಪುಸ್ತಕದ ಎರಡು ಸೋಡಿ

ಕನ್ನಡದಲ್ಲಿ ವಾಣಿಜ್ಯಶಾಸ್ತ್ರ ಓದಿದವರಿಗೆ ‘ಸೋಡಿ’ ಅನ್ನೋ ಪದ ಗೊತ್ತಿರ್ತದ. ಡಿಸ್ಕೌಂಟಿಗೆ ಪಠ್ಯಪುಸ್ತಕದ ಮಾತು ಅದು. ಸೊಲ್ಲಾಪುರದ ಕಡೆ ಮರಾಠಿಯ ‘ಸೂಟ್’, ‘ವಟಾವ್’ ಅನ್ನೋ ಮಾತುಗಳೂ ಅದಕ್ಕೇ ನಡೀತಾವ. ಪಠ್ಯಪುಸ್ತಕದಲ್ಲಿ ಸೋಡಿ ಎರಡು ಥರ. ಒಂದು ವ್ಯಾಪಾರಿ ಸೋಡಿ: ಪಟ್ಟಿಯ ಬೆಲೆ ನೂರು ರೂಪಾಯಿ ಇದ್ದು, ಸಗಟು ಕೊಳ್ಳುವವನಿಗೆ ಹತ್ತು ಬಿಟ್ಟರೆ ಬಿಲ್ಲಿನಲ್ಲೇ ಹತ್ತು ಕಳೆದು ತೊಂಬತ್ತಕ್ಕೆ ಮಾರಾಟ ಬರೀತಾರ. ಆ ಹತ್ತು ರೂಪಾಯಿ ಲೆಕ್ಕದ ಪುಸ್ತಕಕ್ಕೆ ಬರೋದೇ ಇಲ್ಲ. ಇನ್ನೊಂದು ನಗದು ಸೋಡಿ: ತೊಂಬತ್ತಕ್ಕೆ ಬಿಲ್ ಆಗಿದೆ, ಗಿರಾಕಿ ಬೇಗ ಹಣ ಕೊಟ್ಟ ಅಂತ ಎರಡು ರೂಪಾಯಿ ಬಿಟ್ಟರು. ಇದು ಮೂರು ಅಂಕಣದ ನಗದು ಪುಸ್ತಕದ ಸೋಡಿಯ ಅಂಕಣಕ್ಕೆ ಬರ್ತದ. ವರ್ಷದ ಕೊನೆಗೆ ‘ಕೊಟ್ಟ ಸೋಡಿ’ ಅಂತ ಲಾಭ-ನಷ್ಟ ಖಾತೆಯ ಖರ್ಚಿನ ಬದಿಗೆ ಹೋಗಿ ಕೂಡ್ತದ. ಮಾರಾಟ ಮಾತ್ರ ತೊಂಬತ್ತೇ ಉಳೀತದ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಎರಡೂ ಗಿರಾಕಿಗೆ ಬಿಟ್ಟ ಹಣವೇ. ಬಿಲ್ಲಿಗೆ ಮುಂಚೆ ಬಿಟ್ಟರೆ ಬೆಲೆ ಕಡಿಮೆಯಾಯ್ತು ಅಂತ ತಿಳೀತಿದ್ದರು, ಬಿಲ್ಲಾದ ಮೇಲೆ ಬಿಟ್ಟರೆ ಖರ್ಚಾಯ್ತು ಅಂತ. ಯಾವಾಗ ಬಿಟ್ಟರು ಅನ್ನೋದರ ಮೇಲೆ ಲೆಕ್ಕ ನಿಂತಿತ್ತು. ಕಿರಾಣಿ ಅಂಗಡಿಯ ಮಟ್ಟಿಗೆ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಆದರೆ ಕೂಪನ್ನು, ರಿಬೇಟು, ಕ್ಯಾಶ್‌ಬ್ಯಾಕು ಬಂದಾಗ ಎಲ್ಲಾ ಹಣವೂ ಬಿಲ್ಲಾದ ಮೇಲೆಯೇ ವಾಪಸು ಹೋಗತೊಡಗಿತು. ಹಳೆಯ ರೂಢಿಯ ಪ್ರಕಾರ ಅದೆಲ್ಲಾ ಖರ್ಚಿನ ಬದಿಗೆ, ಅದರಲ್ಲೂ ‘ಜಾಹೀರಾತು ಮತ್ತು ಮಾರಾಟ ಪ್ರಚಾರ’ ಅನ್ನೋ ತಲೆಬರಹದ ಕೆಳಗೆ ಹೋಗಿ ಸೇರಿತು.

1999ರ ಪತ್ರ

ಈ ರೂಢಿಗೆ ಮೊದಲ ದೊಡ್ಡ ಪ್ರಶ್ನೆ ಎದ್ದದ್ದು ಅಮೆರಿಕದಲ್ಲಿ, ಇಂಟರ್ನೆಟ್ ಕಂಪನಿಗಳ ಹುಚ್ಚು ಏರಿದ್ದ ಕಾಲದಲ್ಲಿ. ಆ ಕಂಪನಿಗಳಲ್ಲಿ ಬಹುಪಾಲಿಗೆ ಲಾಭವೇ ಇರಲಿಲ್ಲ. ಲಾಭ ಇಲ್ಲದ ಕಂಪನಿಯ ಷೇರಿಗೆ ಬೆಲೆ ಕಟ್ಟೋದು ಹೆಂಗ? ಪೇಟೆಯವರು ಮಾರಾಟದ ಆದಾಯವನ್ನೇ ಅಳತೆಗೋಲು ಮಾಡಿಕೊಂಡರು. ಆದಾಯದ ಇಷ್ಟು ಪಟ್ಟು ಕಂಪನಿಯ ಬೆಲೆ ಅಂತ ಲೆಕ್ಕ ಹಾಕಿದರು. ಅಲ್ಲಿಂದ ಮುಂದೆ ಆದಾಯದ ಸಾಲಿನ ಒಂದೊಂದು ಡಾಲರಿಗೂ ವಿಶೇಷ ಬೆಲೆ ಬಂತು. ನೂರು ಡಾಲರಿನ ಸಾಮಾನನ್ನು ಮೂವತ್ತು ಡಾಲರಿನ ಕೂಪನ್ ಕೊಟ್ಟು ಮಾರಿದ ಕಂಪನಿ, ಆದಾಯ ನೂರು ಅಂತ ತೋರಿಸಿ, ಮೂವತ್ತನ್ನು ಪ್ರಚಾರದ ಖರ್ಚು ಅಂತ ಬರೆದರೆ, ಎಪ್ಪತ್ತು ಅಂತ ತೋರಿಸಿದ ಕಂಪನಿಗಿಂತ ದೊಡ್ಡದಾಗಿ ಕಾಣ್ತಿತ್ತು. ಗಲ್ಲಾಪೆಟ್ಟಿಗೆಗೆ ಇಬ್ಬರಿಗೂ ಬಂದದ್ದು ಎಪ್ಪತ್ತೇ.

1999ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯ ಮುಖ್ಯ ಲೆಕ್ಕಾಧಿಕಾರಿಯ ಕಚೇರಿ ಇಂಥ ಪ್ರಶ್ನೆಗಳ ಒಂದು ಪಟ್ಟಿಯನ್ನು ಲೆಕ್ಕದ ಮಾನದಂಡ ಮಂಡಳಿಯ ಕಾರ್ಯಪಡೆಗೆ ಕಳಿಸಿತು. ಹೊಸದಾಗಿ ಏಳುವ ಪ್ರಶ್ನೆಗಳಿಗೆ ಬೇಗ ಉತ್ತರ ಹುಡುಕಲಿಕ್ಕೆಂದೇ 1984ರಲ್ಲಿ ರಚಿಸಿದ್ದ ಪಡೆ ಅದು. ಇಐಟಿಎಫ್ ಅಂತ ಅದರ ಕಿರುಹೆಸರು. ಪಟ್ಟಿಯಲ್ಲಿ ಕೂಪನ್, ರಿಬೇಟು, ರಿಯಾಯಿತಿಗಳ ಪ್ರಶ್ನೆಯೂ ಇತ್ತು. ಅದರ ಉತ್ತರವಾಗಿ 00-14, 00-22, 00-25 ಅನ್ನೋ ಸಂಖ್ಯೆಯ ತೀರ್ಮಾನಗಳು ಒಂದರ ಹಿಂದೊಂದು ಬಂದವು. 2001ರ ಕೊನೆಗೆ ಇವನ್ನೆಲ್ಲಾ ಕೂಡಿಸಿ 01-9 ಅನ್ನೋ ಒಂದೇ ತೀರ್ಮಾನ ಮಾಡಿದರು.

01-9ರ ತಿರುಳು ಇಷ್ಟು. ಮಾರುವವನು ಗಿರಾಕಿಗೆ ಹಣ ಕೊಟ್ಟರೆ, ಅದು ಬೆಲೆಯ ಇಳಿಕೆ ಅಂತಲೇ ಮೊದಲು ತಿಳೀಬೇಕು, ಆದಾಯದಲ್ಲಿ ಕಳೀಬೇಕು. ಖರ್ಚು ಅಂತ ಬರೀಬೇಕಾದರೆ ಎರಡು ಮಾತು ಸಾಬೀತಾಗಬೇಕು. ಆ ಹಣಕ್ಕೆ ಬದಲಾಗಿ ಗಿರಾಕಿಯಿಂದ ಬೇರೆಯದೇ ಆದ ಒಂದು ಸೇವೆಯೋ ಸಾಮಾನೋ ಬಂದಿರಬೇಕು, ಅಂದರೆ ಬೇರೆಯವರಿಂದಲೂ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದಂಥದ್ದು. ಮತ್ತು ಅದರ ನ್ಯಾಯವಾದ ಬೆಲೆ ಎಷ್ಟು ಅಂತ ಅಂದಾಜಿಸಲಿಕ್ಕೆ ಆಗಬೇಕು. ಆ ಬೆಲೆಗಿಂತ ಹೆಚ್ಚು ಕೊಟ್ಟದ್ದು ಮತ್ತೆ ಆದಾಯದ ಕಡಿತವೇ. ಹೀಗೆ ‘ಯಾವಾಗ ಬಿಟ್ಟೆ’ ಅನ್ನೋ ಹಳೆಯ ಪ್ರಶ್ನೆ ಹೋಗಿ, ‘ಯಾರಿಗೆ ಕೊಟ್ಟೆ, ಅವರಿಂದ ಏನು ಬಂತು’ ಅನ್ನೋ ಪ್ರಶ್ನೆ ಬಂತು. ಈ ವಿಷಯದ ಇತಿಹಾಸದಲ್ಲಿ ನಿಜವಾದ ತಿರುವು ಇದೇ.

ಕೋಕಾ-ಕೋಲಾದ 2001

ನಿಯಮ ಎದ್ದದ್ದು ಇಂಟರ್ನೆಟ್ ಕಂಪನಿಗಳಿಂದ, ಆದರೆ ಅದರ ಪೆಟ್ಟು ದೊಡ್ಡದಾಗಿ ಕಂಡದ್ದು ಹಳೆಯ ಕಂಪನಿಗಳ ಪುಸ್ತಕದಲ್ಲಿ. ಕೋಕಾ-ಕೋಲಾ ಇದಕ್ಕೆ ಒಳ್ಳೆಯ ಉದಾಹರಣೆ. ಕೂಪನ್ನಿನ ಇತಿಹಾಸದಲ್ಲೂ ಅದರ ಹೆಸರು ಮೊದಲಿಗೇ ಬರ್ತದ. 1880ರ ದಶಕದ ಕೊನೆಗೇ ಅಟ್ಲಾಂಟಾದಲ್ಲಿ ಒಂದು ಗ್ಲಾಸು ಪಾನೀಯ ಪುಕ್ಕಟೆ ಅನ್ನೋ ಚೀಟಿ ಹಂಚಿದ ಕಂಪನಿ ಅದು.

ಆ ಕಂಪನಿಯ ವ್ಯವಹಾರ ನಾವು ತಿಳಿದಂತೆ ಬಾಟಲಿ ಮಾರೋದಲ್ಲ. ಬಹುಪಾಲು ಅದು ಪಾನೀಯದ ಸಾಂದ್ರದ್ರವ, ಸಿರಪ್ ತಯಾರಿಸಿ ಬಾಟ್ಲರ್‌ಗಳಿಗೆ ಮಾರ್ತದ. ಅಂದರೆ ಬಾಟಲಿ ತುಂಬುವ ಕಂಪನಿಗಳೇ ಅದರ ಗಿರಾಕಿ. ಆ ಗಿರಾಕಿಗಳಿಗೆ ಮಾರಾಟ ಪ್ರಚಾರಕ್ಕೆ ಅಂತ ಕಂಪನಿ ಪ್ರತಿ ವರ್ಷ ಹಣ ಕೊಡ್ತಿತ್ತು. ಈ ಹಣ ಮೊದಲು ಮಾರಾಟ ಮತ್ತು ಆಡಳಿತದ ಖರ್ಚಿನಲ್ಲಿ ಇರ್ತಿತ್ತು.

2001ರ ಲೆಕ್ಕವನ್ನು ಮೊದಲು ಪ್ರಕಟಿಸಿದಾಗ ಆದಾಯ 2,009.2 ಕೋಟಿ ಡಾಲರ್. ಸರಕಿನ ವೆಚ್ಚ 604.4 ಕೋಟಿ, ಮಾರಾಟ ಮತ್ತು ಆಡಳಿತದ ಖರ್ಚು 869.6 ಕೋಟಿ. ಉಳಿದ ವ್ಯವಹಾರದ ಲಾಭ 535.2 ಕೋಟಿ. 2002ರ ಜನವರಿಯಿಂದ 01-9 ಜಾರಿಗೆ ಬಂತು, ಹಿಂದಿನ ವರ್ಷಗಳ ಅಂಕಿಯನ್ನೂ ಅದೇ ಅಚ್ಚಿಗೆ ಹಾಕಿ ತೋರಿಸಬೇಕಾಯ್ತು. ಆಗ ಅದೇ 2001ರ ಆದಾಯ 1,754.5 ಕೋಟಿಗೆ ಇಳೀತು. ಖರ್ಚು 614.9 ಕೋಟಿಗೆ ಇಳೀತು. ಸರಕಿನ ವೆಚ್ಚ ಅಷ್ಟೇ, ವ್ಯವಹಾರದ ಲಾಭವೂ ಅದೇ 535.2 ಕೋಟಿ.

ಕಾಗದದ ಮೇಲೆ ಕಳೆದು ನೋಡ್ರಿ. ಎರಡೂ ಕಡೆಯಿಂದ 254.7 ಕೋಟಿ ಡಾಲರ್ ಮಾಯ. ಆದಾಯದ ಎಂಟರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಒಂದು ಬಾಟಲಿಯೂ ಕಡಿಮೆ ಮಾರಾಟವಾಗಿಲ್ಲ, ಒಂದು ಡಾಲರೂ ಕಳೆದುಹೋಗಿಲ್ಲ. ಮೊದಲಿನ ಅಂಕಿ ಮೋಸವೂ ಅಲ್ಲ, ಆವತ್ತಿನ ನಿಯಮಕ್ಕೆ ಸರಿಯಾಗೇ ಇತ್ತು. ಆದರೆ ಓದುವವನಿಗೆ ಕಾಣುವ ಚಿತ್ರ ಬದಲಾಯ್ತು. ನೂರು ಡಾಲರು ಮಾರಿದರೆ ಸರಕಿನ ವೆಚ್ಚ ಕಳೆದು ಸುಮಾರು ಎಪ್ಪತ್ತು ಉಳೀತದ ಅಂತ ಮೊದಲ ಲೆಕ್ಕ ಹೇಳ್ತಿತ್ತು. ಎರಡನೆಯದು ಅರವತ್ತಾರಕ್ಕೂ ಸ್ವಲ್ಪ ಕಡಿಮೆ ಅಂತ ಹೇಳಿತು. ಪ್ರಚಾರಕ್ಕೆ ಖರ್ಚು ಮಾಡ್ತೇವೆ ಅಂತ ಅಂದುಕೊಂಡಿದ್ದರ ಒಂದು ದೊಡ್ಡ ಭಾಗ, ಗಿರಾಕಿಗೆ ಬೆಲೆ ಇಳಿಸಿದ್ದೇ ಆಗಿತ್ತು ಅನ್ನೋದು ಬಯಲಾಯ್ತು.

ಭಾರತಕ್ಕೆ ಬಂದದ್ದು

2014ರ ಮೇ ತಿಂಗಳಲ್ಲಿ ಅಮೆರಿಕದ ಮಂಡಳಿ ಮತ್ತು ಅಂತರರಾಷ್ಟ್ರೀಯ ಮಂಡಳಿ ಎರಡೂ ಕೂಡಿ ಆದಾಯದ ಹೊಸ ಮಾನದಂಡ ಹೊರಡಿಸಿದವು. ಅಂತರರಾಷ್ಟ್ರೀಯ ರೂಪದ ಹೆಸರು ಐಎಫ್‌ಆರ್‌ಎಸ್ 15. 01-9ರ ಮಾತು ಅದರೊಳಗೆ ‘ಗಿರಾಕಿಗೆ ಸಲ್ಲಬೇಕಾದ ಪ್ರತಿಫಲ’ ಅನ್ನೋ ಹೆಸರಿನಲ್ಲಿ ಸೇರಿತು. ಭಾರತದಲ್ಲಿ ಅದೇ ಇಂಡ್ ಎಎಸ್ 115 ಆಗಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ನಮ್ಮಲ್ಲಿ 1985ರ ಎಎಸ್ 9 ನಡೀತಿತ್ತು. ವ್ಯಾಪಾರಿ ಸೋಡಿಯನ್ನೂ ಖರೀದಿಯ ಪ್ರಮಾಣ ನೋಡಿ ಕೊಡುವ ರಿಬೇಟನ್ನೂ ಆದಾಯದಲ್ಲಿ ಕಳೀಬೇಕು ಅಂತ ಅದೂ ಹೇಳಿತ್ತು. ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳಿಗೆ ಎಎಸ್ 9 ಈಗಲೂ ಉಂಟು.

ಹೊಸ ಮಾನದಂಡ ಕೆಲಸ ಮಾಡೋ ರೀತಿಯನ್ನ ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಸೊಲ್ಲಾಪುರಿ ಚಾದರ ಮಾರುವ ಒಂದು ಕಂಪನಿ ಇದೆ ಅಂತ ಇಟ್ಟುಕೊಳ್ರಿ. ಜಿಎಸ್‌ಟಿ ಬಿಟ್ಟು ಚಾದರಕ್ಕೆ 800 ರೂಪಾಯಿ, ತಯಾರಿಕೆಗೆ 500. ಸಾವಿರ ಚಾದರ ನಗದಿಗೆ ಮಾರಿದರು, ಎಂಟು ಲಕ್ಷ ಬಂತು. ಮೂವತ್ತು ದಿನದೊಳಗೆ ಬಿಲ್ಲಿನ ಚಿತ್ರ ಕಳಿಸಿದವರಿಗೆ 80 ರೂಪಾಯಿ ವಾಪಸು ಅಂತ ಮಾತು ಕೊಟ್ಟಿದ್ದಾರೆ. ಎಲ್ಲರೂ ಕಳಿಸೋದಿಲ್ಲ. ಹಿಂದಿನ ಯೋಜನೆಗಳ ಅನುಭವದಿಂದ ನೂರಕ್ಕೆ ಅರವತ್ತು ಮಂದಿ ಕೇಳ್ತಾರೆ ಅಂತ ಕಂಪನಿಗೆ ಗೊತ್ತು. ಹಂಗಾದರೆ 600 ಮಂದಿಗೆ 48,000 ರೂಪಾಯಿ.

ಮಾರಿದ ದಿನವೇ ನಗದು 8,00,000 ಜಮಾ. ಅದರಲ್ಲಿ 7,52,000 ಮಾತ್ರ ಆದಾಯ, ಉಳಿದ 48,000 ಗಿರಾಕಿಗೆ ವಾಪಸು ಕೊಡಬೇಕಾದ ಹೊಣೆ. ಕ್ಯಾಶ್‌ಬ್ಯಾಕ್ ಕೊಟ್ಟಾಗ ಆ ಹೊಣೆಯಿಂದ ಕಳೀತಾರೆ, ಆಗ ಖರ್ಚಿನ ಖಾತೆ ಮುಟ್ಟೋ ಮಾತೇ ಇಲ್ಲ. ತಿಂಗಳು ಮುಗಿದಾಗ 650 ಮಂದಿ ಕೇಳಿದ್ದರು ಅಂದರೆ 52,000 ಕೊಟ್ಟಂಗಾಯ್ತು. ಅಂದಾಜಿಗಿಂತ ಹೆಚ್ಚಾದ 4,000 ಮತ್ತೆ ಆದಾಯದಲ್ಲೇ ಕಡಿತ. 550 ಮಂದಿ ಮಾತ್ರ ಕೇಳಿದ್ದರೆ ಉಳಿದ 4,000 ಆದಾಯಕ್ಕೆ ವಾಪಸು ಬರ್ತಿತ್ತು.

ಹಳೆಯ ರೂಢಿಯಲ್ಲಿ ಎರಡು ಕಡೆ ತಪ್ಪುತ್ತಿತ್ತು. ಮಾರಾಟ ಎಂಟು ಲಕ್ಷ ಅಂತ ಬರೆದು, ಸರಕಿನ ವೆಚ್ಚ ಐದು ಲಕ್ಷ ಕಳೆದು, ಒಟ್ಟು ಲಾಭ ಮೂರು ಲಕ್ಷ, ನೂರಕ್ಕೆ 37.5 ಅಂತ ತೋರಿಸುತ್ತಿದ್ದರು. ನಿಜವಾಗಿ ಅದು 2,52,000, ನೂರಕ್ಕೆ 33.5. ಇನ್ನೊಂದು ತಪ್ಪು ಕಾಲದ್ದು. ಮಾರ್ಚ್ 25ಕ್ಕೆ ಮಾರಿ ಏಪ್ರಿಲಿನಲ್ಲಿ ಕ್ಯಾಶ್‌ಬ್ಯಾಕ್ ಕೊಟ್ಟರೆ, ಕೊಟ್ಟ ದಿನ ಖರ್ಚು ಬರೆಯೋ ಪದ್ಧತಿಯಲ್ಲಿ ಮಾರಾಟ ಒಂದು ವರ್ಷಕ್ಕೆ, ಸೋಡಿ ಮುಂದಿನ ವರ್ಷಕ್ಕೆ ಬೀಳ್ತದ. ಆಗ ಲಾಭವೂ ಒಂದೇ ಇರೋದಿಲ್ಲ, ಹಿಂದಿನ ವರ್ಷದ್ದು ಉಬ್ಬಿರ್ತದ. ಲಾಭ ಎರಡೂ ರೀತಿಯಲ್ಲಿ ಒಂದೇ ಅನ್ನೋ ಮಾತು ವರ್ಷದ ಗಡಿ ದಾಟದಿದ್ದಾಗ ಮಾತ್ರ ನಿಜ.

ಆದಾಯದ ಅಂಕಿ ಉಬ್ಬಿದರೆ ಯಾರಿಗೆ ಏನು ಅಂತ ಕೇಳಬಹುದು. ಮಾರಾಟದ ಮೇಲೆ ಕಮಿಷನ್ ತಗೊಳ್ಳೋ ಮ್ಯಾನೇಜರಿಗೆ ಹೆಚ್ಚು ಸಿಗ್ತದ. ಮಾರಾಟದ ಮೇಲೆ ಬಾಡಿಗೆ ಒಪ್ಪಿಕೊಂಡ ಮಳಿಗೆಯವರು ಹೆಚ್ಚು ಕೊಡಬೇಕಾಗ್ತದ. ಬ್ಯಾಂಕಿನವರು ಸಣ್ಣ ಉದ್ಯಮಕ್ಕೆ ದುಡಿಯುವ ಬಂಡವಾಳದ ಮಿತಿಯನ್ನು ಮುಂದಿನ ವರ್ಷದ ಅಂದಾಜು ವಹಿವಾಟಿನ ನೂರಕ್ಕೆ 20ರಂತೆ ಕಟ್ಟುವ ಪದ್ಧತಿ ಉಂಟು, ನಾಯಕ್ ಸಮಿತಿಯ ಸೂತ್ರ ಅದು. ವಾಪಸು ಕೊಟ್ಟ ಹಣವನ್ನೂ ವಹಿವಾಟು ಅಂತ ಎಣಿಸಿದರೆ, ಕೈಗೆ ಬಾರದ ಮಾರಾಟದ ಮೇಲೆ ಸಾಲ ಬೆಳೀತದ. ತೀರಿಸೋ ಹೊತ್ತಿಗೆ ಅದು ಗೊತ್ತಾಗ್ತದ.

ಕೊಸರಿನ ಲೆಕ್ಕ ಬೇರೆ

ಇಲ್ಲಿ ನಮ್ಮ ಸಂತೆಯ ಒಂದು ಪದ ನೆನಪಾಗಬೇಕು. ತೂಕವಾದ ಮೇಲೆ ಅಂಗಡಿಯವನು ಮೇಲೊಂದು ಹಿಡಿ ಹಾಕಿಕೊಟ್ಟರೆ ಅದು ಕೊಸರು. ಹೊಸೂರಿನ ತಮಿಳರು ಕೊಸುರು ಅಂತಾರೆ, ಮಡಕಶಿರಾದ ತೆಲುಗರೂ ಕೊಸರು ಅಂತಾರೆ. ಮೂರು ಭಾಷೆಯ ಸಂತೆಗೂ ಒಂದೇ ಮಾತು.

ಕ್ಯಾಶ್‌ಬ್ಯಾಕಿನಲ್ಲಿ ಹಣ ವಾಪಸು ಹೋಗ್ತದ. ಕೊಸರಿನಲ್ಲಿ ಹಣ ಅಷ್ಟೇ ಇರ್ತದ, ಸರಕು ಹೆಚ್ಚು ಹೋಗ್ತದ. ಹನ್ನೆರಡು ಟವೆಲಿಗೆ ಒಂದು ಪುಕ್ಕಟೆ ಅಂತ 1,200 ರೂಪಾಯಿಗೆ ಮಾರಿದರೆ ಬಂದ ಆದಾಯ 1,200ವೇ, ಅದರಲ್ಲಿ ಕಳೆಯಲಿಕ್ಕೆ ಏನೂ ಇಲ್ಲ. ಆದರೆ ಹದಿಮೂರು ಟವೆಲಿನ ವೆಚ್ಚ ಸರಕಿನ ವೆಚ್ಚಕ್ಕೆ ಸೇರಬೇಕು. ಹದಿಮೂರನೆಯದನ್ನು ಪ್ರಚಾರದ ಖರ್ಚು ಅಂತ ಬರೆದರೆ ತಪ್ಪು. ಅದನ್ನು 100 ರೂಪಾಯಿಗೆ ಮಾರಿದೆ, ಆಮೇಲೆ 100 ರೂಪಾಯಿ ಸೋಡಿ ಬಿಟ್ಟೆ ಅಂತ ಆದಾಯ ಉಬ್ಬಿಸಿ ಬರೆದರೂ ತಪ್ಪು. ಕೊಸರನ್ನು ಅದೇ ಹೊತ್ತಿಗೆ ಕೊಡದೆ, ಮುಂದಿನ ಖರೀದಿಗೆ ಚೀಟಿ ಕೊಟ್ಟರೆ ಮಾತ್ರ ಇವತ್ತಿನ ಬೆಲೆಯ ಒಂದು ಪಾಲನ್ನು ಆ ಚೀಟಿಗೆಂದು ಎತ್ತಿಟ್ಟು, ಅದು ಬಳಕೆಯಾದಾಗ ಆದಾಯಕ್ಕೆ ತಗೋಬೇಕು.

ಚರ್ಚೆ

ಹೊಸೂರಿನಿಂದ ಸೇರಿದ ಒಬ್ಬರು: ಸರ್, ನಾನು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಸಾಮಾನು ಮಾರ್ತೀನಿ. ಅಲ್ಲಿ ಗಿರಾಕಿಗೆ ಒಂದು ಸಲ ಬ್ಯಾಂಕು ಕ್ಯಾಶ್‌ಬ್ಯಾಕ್ ಕೊಡುತ್ತೆ, ಒಂದು ಸಲ ಆ ಮಾರುಕಟ್ಟೆಯವರೇ ಕೊಡ್ತಾರೆ, ಒಂದೊಂದು ಸಲ ನನ್ನ ಕೈಯಿಂದ ಮುರ್ಕೊಳ್ತಾರೆ. ಮೂರನ್ನೂ ನಾನು ಕಳೀಬೇಕಾ?

ಉಪನ್ಯಾಸಕರು: ನಿಮ್ಮ ಕೈಯಿಂದ ಹೋದದ್ದನ್ನ ಮಾತ್ರ ಕಳೀರಿ. ಸಾವಿರ ರೂಪಾಯಿಯ ಸಾಮಾನಿಗೆ ಬ್ಯಾಂಕು ನೂರು ಕೊಟ್ಟು, ನಿಮಗೆ ಪೂರಾ ಸಾವಿರದ ಬೆಲೆಯೇ ಬಂದರೆ ನಿಮ್ಮ ಆದಾಯ ಸಾವಿರ. ನಿಮ್ಮ ಲೆಕ್ಕದಲ್ಲಿ ನೂರು ಮುರಿದುಕೊಂಡಿದ್ದರೆ ಒಂಬೈನೂರು. ಇನ್ನು ಅವರು ಹಿಡಿಯೋ ಕಮಿಷನ್ ಬೇರೆ ಮಾತು. ಅದು ಅವರು ನಿಮಗೆ ಮಾಡಿದ ಸೇವೆಯ ಬೆಲೆ, ನಿಮಗೆ ಅದು ಖರ್ಚು. ಹಣ ಸಂದಾಯದ ಪಟ್ಟಿಯಲ್ಲಿ ಎರಡೂ ಒಟ್ಟಿಗೇ ಮುರಿದು ಬರ್ತಾವ, ಬರೆಯುವಾಗ ಬಿಡಿಸಿ ಬರೀಬೇಕು.

ಅಕ್ಕಲಕೋಟೆಯಿಂದ ಒಬ್ಬ ಲೆಕ್ಕಪರಿಶೋಧಕರು: ಹಂಗಾದ್ರ ಮಾರುಕಟ್ಟೆಯವರ ಪುಸ್ತಕದಾಗ ಆ ನೂರು ಏನಾಗ್ತದ್ರಿ? ಅವರಿಗೆ ಬರೋದು ಮಾರೋವನಿಂದ ಕಮಿಷನ್, ಕೊಡೋದು ಕೊಳ್ಳೋವನಿಗೆ.

ಉಪನ್ಯಾಸಕರು: ಗಟ್ಟಿ ಪ್ರಶ್ನೆ ಇದು. ಕಮಿಷನ್ 150, ಕೊಳ್ಳುವವನಿಗೆ ಕೊಟ್ಟದ್ದು 100 ಅಂತ ಇಟ್ಟುಕೊಳ್ಳೋಣ. ಕೊಳ್ಳುವವನೂ ಅವರ ಗಿರಾಕಿ ಅಂದರೆ, ಇಲ್ಲಾ ಮಾರುವವನ ಪರವಾಗಿ ಕೊಟ್ಟಿದ್ದಾರೆ ಅಂದರೆ ಆದಾಯ 50. ಗಿರಾಕಿ ಮಾರುವವನೊಬ್ಬನೇ, ಕೊಳ್ಳುವವನಿಗೆ ಕೊಟ್ಟದ್ದು ತಮ್ಮ ಇಚ್ಛೆಯಿಂದ ಅಂದರೆ ಆದಾಯ 150, ನೂರು ಪ್ರಚಾರದ ಖರ್ಚು. ನೂರರ ಬದಲು ಇನ್ನೂರು ಕೊಟ್ಟಿದ್ದರೆ ಆದಾಯ ಸೊನ್ನೆಗಿಂತ ಕೆಳಗೆ ಹೋಗಬೇಕೋ, ಹೆಚ್ಚಾದ ಐವತ್ತು ಖರ್ಚಿಗೆ ಹೋಗಬೇಕೋ ಅನ್ನೋದರ ಮೇಲೆ ಲೆಕ್ಕಿಗರಲ್ಲೇ ವಾದ ಉಂಟು. ಒಪ್ಪಂದ ಓದದೆ ತೀರ್ಮಾನ ಆಗೋದಿಲ್ಲ. ಗಿರಾಕಿ ಯಾರು ಅನ್ನೋದರ ಮೇಲೆ ಎಲ್ಲಾ ನಿಂತದ.

ಅದೇ ಪ್ರಶ್ನಿಕರು: ಹೊರಗಿನವರಿಗೆ ಇದು ಗೊತ್ತಾಗೋದು ಹೆಂಗ್ರಿ?

ಉಪನ್ಯಾಸಕರು: ಇಂಡ್ ಎಎಸ್ 115ರಲ್ಲಿ ಭಾರತಕ್ಕಷ್ಟೇ ಸೇರಿಸಿದ ಒಂದು ಕಲಮು ಅದ, 126ಎಎ. ಒಪ್ಪಂದದ ಬೆಲೆ ಎಷ್ಟಿತ್ತು, ಅದರಲ್ಲಿ ರಿಯಾಯಿತಿ, ರಿಬೇಟು, ವಾಪಸಾತಿ ಅಂತ ಯಾವ್ಯಾವುದು ಎಷ್ಟೆಷ್ಟು ಕಳೆದರು, ಕೊನೆಗೆ ಆದಾಯ ಎಷ್ಟಾಯ್ತು ಅಂತ ಸಾಲುಸಾಲಾಗಿ ತೋರಿಸಬೇಕು. ವಾರ್ಷಿಕ ವರದಿಯಲ್ಲಿ ಆದಾಯದ ಟಿಪ್ಪಣಿಯ ಒಳಗೆ ಅದು ಸಿಗ್ತದ. ಅದರ ಪಕ್ಕ ಪ್ರಚಾರದ ಖರ್ಚಿನ ಸಾಲನ್ನು ನಾಲ್ಕೈದು ವರ್ಷದ್ದು ಇಟ್ಟು ನೋಡ್ರಿ. ಟಿವಿ ಜಾಹೀರಾತಿನ ಖರ್ಚು ಮಾರಾಟದ ಜೊತೆ ಅಚ್ಚುಕಟ್ಟಾಗಿ ಏರಿಳಿಯೋದಿಲ್ಲ. ಒಂದೊಂದು ಮಾರಾಟಕ್ಕೆ ಇಷ್ಟು ಅಂತ ಏರಿ, ಮಾರಾಟ ಬಿದ್ದಾಗ ಅಷ್ಟೇ ಬೀಳೋ ಪ್ರಚಾರದ ಖರ್ಚು ಕಂಡರೆ, ಅದರೊಳಗೆ ಸೋಡಿ ಕೂತಿರಬಹುದು ಅಂತ ಕೇಳಲಿಕ್ಕೆ ಕಾರಣ ಸಿಕ್ಕಂಗಾಯ್ತು. ಆ ಹಣ ಯಾರ ಕೈಗೆ ಹೋಯ್ತು ಅಂತ ಆಮೇಲೆ ಕಂಪನಿಯನ್ನೇ ಕೇಳಬೇಕು.